ವೆಂಟ್ ಪೈಪು ಎಷ್ಟು ದಪ್ಪ ಇರಬೇಕು, ಏರ್ ಅಡ್ಮಿಟೆನ್ಸ್ ವಾಲ್ವ್ ಎಲ್ಲಿ ಸಾಕು, ಎಲ್ಲಿ ಸಾಲದು

ಎಂಟು ಅಂತಸ್ತಿನ ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿ ಯಾರೋ ಫ್ಲಶ್ ಮಾಡುತ್ತಾರೆ. ಐದನೇ ಮಹಡಿಯ ಬಚ್ಚಲಿನ ಜಾಲರಿಯಲ್ಲಿ ಗುಳುಗುಳು ಸದ್ದಾಗುತ್ತದೆ, ಸ್ವಲ್ಪ ಹೊತ್ತಿಗೆ ಕೊಳಚೆ ವಾಸನೆ ಏಳುತ್ತದೆ. ಅದೇ ಗಳಿಗೆಯಲ್ಲಿ ನೆಲಮಹಡಿಯ ಕಮೋಡಿನ ನೀರು ಕೆಳಗಿನಿಂದ ಊದಿದ ಹಾಗೆ ಉಬ್ಬಿ ಗುಳ್ಳೆ ಬಿಡುತ್ತದೆ. ಎರಡೂ ಮನೆಯವರು ಪ್ಲಂಬರನ್ನು ಕರೆದು ಹೇಳುವುದು ಒಂದೇ ಮಾತು: ವಾಸನೆ ಬರುತ್ತಿದೆ. ಆದರೆ ಎರಡು ಕಡೆ ಆಗುತ್ತಿರುವುದು ಒಂದಕ್ಕೊಂದು ವಿರುದ್ಧವಾದ ಕೆಲಸ. ಮೇಲೆ ಪೈಪು ಗಾಳಿಯನ್ನು ಎಳೆದುಕೊಳ್ಳುತ್ತಿದೆ, ಕೆಳಗೆ ಗಾಳಿಯನ್ನು ಹೊರಕ್ಕೆ ತಳ್ಳುತ್ತಿದೆ. ವೆಂಟ್ ಪೈಪು, ಅಂದರೆ ಚರಂಡಿ ಪೈಪಿನ ಗಾಳಿ ಒಳಗೂ ಹೊರಗೂ ಆಡಲು ಬಿಡುವ ಪೈಪು, ಈ ಎರಡನ್ನೂ ತಡೆಯಬಲ್ಲದು. ಏರ್ ಅಡ್ಮಿಟೆನ್ಸ್ ವಾಲ್ವ್, ಅಂದರೆ ಗಾಳಿಯನ್ನು ಒಳಕ್ಕೆ ಮಾತ್ರ ಬಿಡುವ ವಾಲ್ವ್, ಮೊದಲನೆಯದನ್ನಷ್ಟೇ ತಡೆಯುತ್ತದೆ. ಈ ವಾಲ್ವನ್ನು ತಪ್ಪು ಜಾಗದಲ್ಲಿ ಹಾಕುವವರೆಲ್ಲ ಎಡವುವುದು ಈ ವ್ಯತ್ಯಾಸದಲ್ಲಿ.

ಕಾಯಬೇಕಾದದ್ದು 50 ಮಿಲಿಮೀಟರ್ ನೀರು

ಕಮೋಡು, ಬೇಸಿನ್, ನಹಾನಿ ಟ್ರ್ಯಾಪ್ ಯಾವುದೇ ಇರಲಿ, ಮನೆಗೂ ಚರಂಡಿಗೂ ನಡುವೆ ಇರುವ ಬಾಗಿಲು ಟ್ರ್ಯಾಪಿನೊಳಗೆ ನಿಂತ ನೀರು. ಅದನ್ನು ವಾಟರ್ ಸೀಲ್ ಎನ್ನುತ್ತೇವೆ. ಸಾಮಾನ್ಯವಾಗಿ ಅದರ ಆಳ 50 ಮಿ.ಮೀ., ಕೆಲವು ಬೇಸಿನ್ ಮತ್ತು ಸಿಂಕ್ ಟ್ರ್ಯಾಪುಗಳಲ್ಲಿ 75. 50 ಮಿ.ಮೀ. ನೀರಿನ ಎತ್ತರ ಎಂದರೆ ಸುಮಾರು 490 ಪ್ಯಾಸ್ಕಲ್ ಒತ್ತಡ. ವಾತಾವರಣದ ಒತ್ತಡದ ಇನ್ನೂರರಲ್ಲಿ ಒಂದು ಪಾಲಿನಷ್ಟೂ ಇಲ್ಲ. ಇಷ್ಟು ಸಣ್ಣ ಏರುಪೇರಿಗೆ ಸೀಲ್ ಸೋಲುತ್ತದೆ. ಆದ್ದರಿಂದ ವಿನ್ಯಾಸ ಮಾಡುವವರು ಅರ್ಧಕ್ಕೆ ಗೆರೆ ಎಳೆಯುತ್ತಾರೆ: ಯಾವ ಟ್ರ್ಯಾಪಿನ ಬಳಿಯೂ ಪೈಪಿನೊಳಗಿನ ಒತ್ತಡ 25 ಮಿ.ಮೀ. ನೀರಿನ ಎತ್ತರಕ್ಕಿಂತ ಹೆಚ್ಚು ಏರಬಾರದು, ಇಳಿಯಲೂಬಾರದು. ಪ್ಯಾಸ್ಕಲ್ ಲೆಕ್ಕದಲ್ಲಿ ಸುಮಾರು 250.

ಅರ್ಧಕ್ಕೆ ಗೆರೆ ಎಳೆದಿದ್ದಕ್ಕೆ ಕಾರಣ ಇದೆ. ಒಂದೇ ದಪ್ಪದ ಪಿ-ಟ್ರ್ಯಾಪಿನ ಮೇಲೆ 25 ಮಿ.ಮೀ. ಎಳೆತ ಬಿತ್ತು ಎಂದುಕೊಳ್ಳಿ. ಹೊರಹೋಗುವ ಕಡೆಯ ನೀರು ಮೊದಲೇ ಅಂಚಿನವರೆಗೆ ತುಂಬಿರುತ್ತದೆ, ಹಾಗಾಗಿ ಅಲ್ಲಿ ಏರಲು ಜಾಗವಿಲ್ಲದೆ ಚೆಲ್ಲಿ ಹೋಗುತ್ತದೆ. ಕೋಣೆಯ ಕಡೆಯ ಮಟ್ಟ 25 ಮಿ.ಮೀ. ಕೆಳಗಿಳಿಯುತ್ತದೆ. ಎಳೆತ ನಿಂತ ಮೇಲೆ ಎರಡೂ ಕಡೆ ಸಮವಾಗಿ ನಿಂತಾಗ ಉಳಿಯುವ ಸೀಲ್ 37.5 ಮಿ.ಮೀ. ಅಷ್ಟೇ ಬಲದ ಎಳೆತ ಮತ್ತೊಮ್ಮೆ ಬಂದರೆ ಹೆಚ್ಚಿಗೆ ಏನೂ ಚೆಲ್ಲುವುದಿಲ್ಲ, ಏಕೆಂದರೆ ಈಗ ಹೊರಕಡೆ ನೀರು ಏರಲು ಜಾಗ ಇದೆ. ಅಂದರೆ 250 ಪ್ಯಾಸ್ಕಲ್ ಒಳಗೆ ಇರುವ ಪೈಪಿನಲ್ಲಿ ದಿನಕ್ಕೆ ನೂರು ಸಲ ಫ್ಲಶ್ ಮಾಡಿದರೂ ಸೀಲ್ ನಿಲ್ಲುತ್ತದೆ, ಆವಿಯಾಗಿ ಹೋಗುವುದಕ್ಕೂ ಸ್ವಲ್ಪ ಮಿಗುತ್ತದೆ. ಎಳೆತ 50ಕ್ಕೆ ಮುಟ್ಟಿದರೆ ಮಾತ್ರ ಕೋಣೆಯ ಗಾಳಿ ನೀರನ್ನು ಸೀಳಿಕೊಂಡು ಒಳಗೆ ನುಗ್ಗುತ್ತದೆ. ಐದನೇ ಮಹಡಿಯವರಿಗೆ ಕೇಳಿಸಿದ ಗುಳುಗುಳು ಅದೇ.

ಸೀಲ್ ಹೋದರೆ ತೊಂದರೆ ಬರೀ ವಾಸನೆಯಲ್ಲ. 2003ರಲ್ಲಿ ಹಾಂಗ್‌ಕಾಂಗಿನ ಅಮೊಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ತಗುಲಿತು. ಬಚ್ಚಲಿನ ನೆಲದ ಟ್ರ್ಯಾಪುಗಳು ಒಣಗಿದ್ದವು, ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಸ್ಟ್ಯಾಕಿನ, ಅಂದರೆ ಎಲ್ಲ ಮಹಡಿಗಳ ಕೊಳಚೆ ಇಳಿಯುವ ನಿಂತ ಪೈಪಿನ, ಗಾಳಿ ಮನೆಯೊಳಗೆ ಬರುತ್ತಿತ್ತು ಎಂಬುದನ್ನು ಅಲ್ಲಿನ ತನಿಖೆ ಮುಖ್ಯ ಕಾರಣಗಳಲ್ಲಿ ಒಂದಾಗಿ ಗುರುತಿಸಿತು.

ಸ್ಟ್ಯಾಕಿನೊಳಗೆ ನಿಜವಾಗಿ ಆಗುವುದೇನು

ನಿಂತ ಪೈಪಿನಲ್ಲಿ ನೀರು ಪೂರ್ತಿ ತುಂಬಿಕೊಂಡು ಬೀಳುವುದಿಲ್ಲ. ಒಂದೆರಡು ಅಂತಸ್ತು ಇಳಿಯುವಷ್ಟರಲ್ಲಿ ಅದು ಪೈಪಿನ ಗೋಡೆಗೆ ಅಂಟಿ, ತೆಳುವಾದ ಉಂಗುರದ ಹಾಗೆ ಜಾರುತ್ತದೆ. ಗೋಡೆಯ ಘರ್ಷಣೆ ಮತ್ತು ಭಾರ ಸಮವಾದ ಮೇಲೆ ವೇಗ ಹೆಚ್ಚುವುದಿಲ್ಲ. ಇಪ್ಪತ್ತು ಅಂತಸ್ತಿನಿಂದ ಬಿದ್ದರೂ ಐದು ಅಂತಸ್ತಿನಿಂದ ಬಿದ್ದರೂ ಕೊನೆಯ ವೇಗ ಹೆಚ್ಚುಕಡಿಮೆ ಅದೇ. ಎತ್ತರದ ಕಟ್ಟಡದಲ್ಲಿ ನೀರು ಬಿದ್ದ ರಭಸಕ್ಕೆ ಕೆಳಗಿನ ಬೆಂಡ್ ಒಡೆಯುತ್ತದೆ ಎಂಬ ಭಯ ಇನ್ನೂ ಇದೆ. ಅದು ನಿಜವಲ್ಲ. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ವೈಲಿ ಮತ್ತು ಈಟನ್ ಎಂಬ ಇಬ್ಬರು 1961ರಲ್ಲಿ ಪ್ರಕಟಿಸಿದ ಅಧ್ಯಯನ ಈ ವೇಗಕ್ಕೆ ಸೂತ್ರ ಕೊಟ್ಟಿತು. ನೀರು ಪೈಪಿನ ಅಡ್ಡಕೊಯ್ತದ ವಿಸ್ತೀರ್ಣದ 24ರಲ್ಲಿ 7 ಪಾಲಿಗಿಂತ ಹೆಚ್ಚು ಜಾಗ ತೆಗೆದುಕೊಳ್ಳಬಾರದು ಎಂಬ ಮಿತಿಯನ್ನು ಅಮೆರಿಕದ ಕೋಡುಗಳು ಇವತ್ತಿಗೂ ಇಟ್ಟುಕೊಂಡಿವೆ.

ಉಳಿದ ನಡುವಿನ ಜಾಗದಲ್ಲಿರುವುದು ಗಾಳಿ. ಜಾರುವ ನೀರು ಅದನ್ನೂ ಕೆಳಗೆ ಎಳೆದುಕೊಂಡು ಹೋಗುತ್ತದೆ. ಕೊಳಚೆ ಮತ್ತು ಮಳೆನೀರಿಗೆ ನಮ್ಮಲ್ಲಿ ಬಳಸುವ 110 ಎಂಎಂ ಎಸ್‌ಡಬ್ಲ್ಯೂಆರ್ ಪೈಪಿನ ಒಳವ್ಯಾಸ ಸುಮಾರು 103 ಮಿ.ಮೀ. ಅದರಲ್ಲಿ ಸೆಕೆಂಡಿಗೆ 3.5 ಲೀಟರ್ ನೀರು ಬಿದ್ದರೆ ವೈಲಿ-ಈಟನ್ ಸೂತ್ರದ ಪ್ರಕಾರ ವೇಗ ಸೆಕೆಂಡಿಗೆ ಸುಮಾರು 2.6 ಮೀಟರ್. ನೀರು ಹಿಡಿಯುವ ಜಾಗ ಆರರಲ್ಲೊಂದು ಪಾಲು. ಉಳಿದ ಪಾಲಿನ ಗಾಳಿಯೂ ಅದೇ ವೇಗದಲ್ಲಿ ಇಳಿದರೆ ಸೆಕೆಂಡಿಗೆ ಸುಮಾರು 18 ಲೀಟರ್ ಆಯಿತು. ನೀರಿನ ಐದು ಪಟ್ಟು! ಚರಂಡಿ ಪೈಪು ಎಂದು ಕರೆಯುವುದು ನಿಜಕ್ಕೂ ಗಾಳಿಯ ಪೈಪು, ಗೋಡೆಗೆ ಒಂದಿಷ್ಟು ನೀರು ಅಂಟಿಕೊಂಡಿರುತ್ತದೆ ಅಷ್ಟೇ.

ಈ ಗಾಳಿ ಎಲ್ಲಿಂದಲೋ ಬರಬೇಕು, ಎಲ್ಲಿಗೋ ಹೋಗಬೇಕು. ಮೇಲಿನಿಂದ ಬರಲು ದಾರಿ ಕಿರಿದಾದರೆ ಮೇಲಿನ ಮತ್ತು ನಡುವಿನ ಮಹಡಿಗಳಲ್ಲಿ ಒತ್ತಡ ಇಳಿಯುತ್ತದೆ. ಕೆಳಗೆ ಸ್ಟ್ಯಾಕ್ ಅಡ್ಡಕ್ಕೆ ತಿರುಗುವಲ್ಲಿ ಇನ್ನೊಂದು ಕಥೆ. ಅಲ್ಲಿ ನೀರಿನ ವೇಗ ಥಟ್ಟನೆ ತಗ್ಗಿ ಮಟ್ಟ ಏರುತ್ತದೆ, ಬೆಂಡಿನಲ್ಲಿ ನೀರಿನ ಪರದೆ ಅಡ್ಡ ಬೀಳುತ್ತದೆ. ಹಿಂದಿನಿಂದ ಗಾಳಿ ಬರುತ್ತಲೇ ಇರುತ್ತದೆ, ಮುಂದೆ ದಾರಿ ಇಲ್ಲ. ಒತ್ತಡ ಏರಿ, ಹತ್ತಿರದ ಅತಿ ಸುಲಭದ ದಾರಿಯನ್ನು ಹುಡುಕುತ್ತದೆ. ಆ ದಾರಿ ನೆಲಮಹಡಿಯ ಕಮೋಡು.

ಒಂದು ಕಟ್ಟಡದ ಲೆಕ್ಕ

ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಕಾಣುವಂಥ ಒಂದು ಕಟ್ಟಡ ತೆಗೆದುಕೊಳ್ಳೋಣ: ನೆಲಮಹಡಿ ಮತ್ತು ಮೇಲೆ ಏಳು. ಒಂದು ಡಕ್ಟಿನ ಎರಡು ಬದಿಗೆ ಎರಡು ಮನೆ, ಪ್ರತಿ ಮಹಡಿಯಲ್ಲಿ ಬೆನ್ನಿಗೆ ಬೆನ್ನು ಎರಡು ಬಚ್ಚಲುಮನೆ. ಪ್ರತಿ ಬಚ್ಚಲುಮನೆಯಲ್ಲಿ ಒಂದು ಕಮೋಡು, ಒಂದು ಬೇಸಿನ್, ಒಂದು ಶವರ್. ಎಲ್ಲವೂ ಒಂದೇ 110 ಎಂಎಂ ಸ್ಟ್ಯಾಕಿಗೆ ಇಳಿಯುತ್ತವೆ, ಪಕ್ಕದಲ್ಲಿ ವೆಂಟ್ ಪೈಪು. ಹಳೆಯ ಕಟ್ಟಡಗಳ ಹಾಗೆ ಕಮೋಡಿಗೆ ಒಂದು, ಬಚ್ಚಲ ನೀರಿಗೆ ಇನ್ನೊಂದು ಪೈಪು ಇದ್ದರೆ ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಬೇಕು. ವಿಧಾನ ಮಾತ್ರ ಇದೇ.

ಮೊದಲು ನೀರು ಎಷ್ಟು ಎಂದು ನೋಡಬೇಕು. ಎಲ್ಲರೂ ಒಟ್ಟಿಗೆ ಫ್ಲಶ್ ಮಾಡುವುದಿಲ್ಲ, ಹಾಗಾಗಿ ಬರೀ ಕೂಡಿದರೆ ಆಗದು. ಯುರೋಪಿನ ಇಎನ್ 12056-2 ಮಾನಕ ಇದಕ್ಕೆ ವರ್ಗಮೂಲ ಬಳಸುತ್ತದೆ:

```
Q = K × √ΣDU
```

ಇಲ್ಲಿ DU ಎನ್ನುವುದು ಪ್ರತಿ ಸಲಕರಣೆಯ ಹರಿವಿನ ಅಂಕ. 6 ಲೀಟರ್ ಫ್ಲಶ್ ಕಮೋಡಿಗೆ 2.0, ಬೇಸಿನ್ನಿಗೆ 0.5, ಶವರಿಗೆ 0.6. ಮನೆಗಳಿಗೆ K ಬೆಲೆ 0.5. ಆಸ್ಪತ್ರೆ, ಶಾಲೆ, ಹೋಟೆಲಿಗೆ 0.7 ಆಗುತ್ತದೆ, ಏಕೆಂದರೆ ಅಲ್ಲಿ ಒಂದೇ ಹೊತ್ತಿಗೆ ಬಳಸುವವರು ಹೆಚ್ಚು. ನಮ್ಮ ಒಂದು ಬಚ್ಚಲುಮನೆಗೆ 3.1, ಹದಿನಾರಕ್ಕೆ 49.6. ಅದರ ವರ್ಗಮೂಲ 7.04, ಅರ್ಧ ಮಾಡಿದರೆ ಸೆಕೆಂಡಿಗೆ 3.5 ಲೀಟರ್.

ಅದೇ ಮಾನಕದ ಪಟ್ಟಿಯಲ್ಲಿ, ಮೇಲೆ ತೆರೆದಿದ್ದು ಬೇರೆ ವೆಂಟ್ ಇಲ್ಲದ 100 ಎಂಎಂ ಸ್ಟ್ಯಾಕಿಗೆ, ಅಡ್ಡ ಪೈಪುಗಳು ನೇರ ಟೀ ಮೂಲಕ ಸೇರಿದರೆ 4.0 ಲೀಟರ್, ಬಾಗಿದ ಟೀ ಆದರೆ 5.2 ಲೀಟರ್ ಮಿತಿ. ಬರೀ ಒಂದು ಟೀಯ ಆಕಾರ ಇಷ್ಟು ವ್ಯತ್ಯಾಸ ಮಾಡುತ್ತದೆ. ನೇರ ಟೀಯಿಂದ ಬಂದ ನೀರು ಎದುರು ಗೋಡೆಗೆ ಅಪ್ಪಳಿಸಿ ಗಾಳಿಯ ದಾರಿಗೆ ಅಡ್ಡ ನಿಲ್ಲುತ್ತದೆ, ಬಾಗಿದ್ದು ಗೋಡೆಗುಂಟ ಜಾರಿಸುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗ ಬೆಲೆಯ ವ್ಯತ್ಯಾಸ ನೋಡಿ ನೇರ ಟೀ ಆರಿಸುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಪಕ್ಕದಲ್ಲಿ 50 ಎಂಎಂ ವೆಂಟ್ ಸೇರಿಸಿದರೆ ಇದೇ ಮಿತಿಗಳು 5.6 ಮತ್ತು 7.3ಕ್ಕೆ ಏರುತ್ತವೆ.

ಹಾಗಾದರೆ ಯುರೋಪಿನ ಲೆಕ್ಕದಲ್ಲಿ ನಮ್ಮ ಕಟ್ಟಡ ಬೇರೆ ವೆಂಟ್ ಇಲ್ಲದೆಯೂ ಪಾಸಾಗುತ್ತದೆ, ಆದರೆ ಅಂಚಿನಲ್ಲಿ. ಅಮೆರಿಕದ ಇಂಟರ್‌ನ್ಯಾಷನಲ್ ಪ್ಲಂಬಿಂಗ್ ಕೋಡ್, ಐಪಿಸಿ, ಇನ್ನೂ ಬಿಗಿ. ಐದು ಅಥವಾ ಹೆಚ್ಚು ಅಂತಸ್ತಿನ ಸಂಪರ್ಕ ಇರುವ ಸ್ಟ್ಯಾಕಿಗೆ ಜೊತೆಗೊಂದು ವೆಂಟ್ ಸ್ಟ್ಯಾಕ್ ಬೇಕೇ ಬೇಕು ಎನ್ನುತ್ತದೆ. ಎಂಟು ಅಂತಸ್ತಿನಲ್ಲಿ ಅದನ್ನು ಬಿಟ್ಟು ಉಳಿಸುವ ದುಡ್ಡು ಬಹಳ ಕಡಿಮೆ, ಆಮೇಲೆ ಡಕ್ಟಿನಲ್ಲಿ ಸೇರಿಸುವ ಕಷ್ಟ ಬಹಳ ಹೆಚ್ಚು. ಆದ್ದರಿಂದ ಐಪಿಸಿಯ ದಾರಿಯಲ್ಲೇ ವೆಂಟಿನ ದಪ್ಪ ಕಂಡುಕೊಳ್ಳೋಣ.

ಅಲ್ಲಿ ಅಂಕಗಳಿಗೆ ಫಿಕ್ಸ್ಚರ್ ಯೂನಿಟ್ ಎಂದು ಹೆಸರು. 6 ಲೀಟರ್ ಫ್ಲಶ್ ಇರುವ ಒಂದು ಬಚ್ಚಲುಮನೆಗೆ ಒಟ್ಟು 5, ಹದಿನಾರಕ್ಕೆ 80. 4 ಇಂಚಿನ ಸ್ಟ್ಯಾಕ್ ಮೂರಕ್ಕಿಂತ ಹೆಚ್ಚು ಅಂತಸ್ತಿದ್ದಾಗ 500ರವರೆಗೆ ತಡೆಯುತ್ತದೆ, ಆ ಬಗ್ಗೆ ಚಿಂತೆ ಇಲ್ಲ. ವೆಂಟಿಗೆ ಮೂರು ವಿಷಯ ಬೇಕು: ಸ್ಟ್ಯಾಕಿನ ದಪ್ಪ, ಅದರ ಮೇಲಿನ ಒಟ್ಟು ಯೂನಿಟ್, ಮತ್ತು ವೆಂಟ್ ಪೈಪಿನ ಉದ್ದ. ಈ ಮೂರನೆಯದನ್ನೇ ಎಲ್ಲರೂ ಮರೆಯುವುದು. ಉದ್ದ ಎಂದರೆ ಕಟ್ಟಡದ ಎತ್ತರವಲ್ಲ. ಬುಡದಲ್ಲಿ ಸ್ಟ್ಯಾಕಿಗೆ ಸೇರುವ ಜಾಗದಿಂದ ತಾರಸಿಯ ಮೇಲೆ ಗಾಳಿಗೆ ತೆರೆಯುವ ತನಕ, ಪೈಪಿನ ನಡುಗೆರೆಯ ಗುಂಟ, ಎಲ್ಲ ಅಡ್ಡ ತಿರುವನ್ನೂ ಸೇರಿಸಿ ಅಳೆಯಬೇಕು. ನಮ್ಮಲ್ಲಿ ಎಂಟು ಅಂತಸ್ತಿಗೆ 24 ಮೀಟರ್, ತಾರಸಿಯ ಮೇಲೆ 2, ಬುಡದ ಸಂಪರ್ಕ ಮತ್ತು ಒಂದು ತಿರುವಿಗೆ 4. ಒಟ್ಟು 30 ಮೀಟರ್.

ಪಟ್ಟಿಯಲ್ಲಿ 4 ಇಂಚಿನ ಸ್ಟ್ಯಾಕ್, 140 ಯೂನಿಟ್‌ವರೆಗಿನ ಸಾಲು ನೋಡಿದರೆ, 2 ಇಂಚಿನ ವೆಂಟ್ 27 ಅಡಿಯವರೆಗೆ, ಎರಡೂವರೆ ಇಂಚು 65 ಅಡಿಯವರೆಗೆ, 3 ಇಂಚು 200 ಅಡಿಯವರೆಗೆ. ಮೀಟರಿನಲ್ಲಿ 8, 20, 61. ನಮ್ಮ 30 ಮೀಟರಿಗೆ 3 ಇಂಚೇ ಬೇಕು.

ಇಲ್ಲಿ ಒಂದು ಗುಂಡಿ ಇದೆ. 3 ಇಂಚು ಎಂದರೆ ನಮ್ಮಲ್ಲಿ 75 ಎಂಎಂ ಎಂದು ಬರೆದುಬಿಡುತ್ತಾರೆ. ಆದರೆ ಅಮೆರಿಕದ 3 ಇಂಚಿನ ಪೈಪಿನ ಒಳವ್ಯಾಸ ಸುಮಾರು 78 ಮಿ.ಮೀ. ನಮ್ಮ 75 ಎಂಎಂ ಎಸ್‌ಡಬ್ಲ್ಯೂಆರ್ ಪೈಪಿನಲ್ಲಿ 75 ಎನ್ನುವುದು ಹೊರವ್ಯಾಸ. ವೆಂಟಿಗೆಂದೇ ಬರುವ ತೆಳು ಗೋಡೆಯ ಟೈಪ್ ಎ ಪೈಪಿನ ಒಳವ್ಯಾಸ ಸುಮಾರು 71, ದಪ್ಪ ಗೋಡೆಯ ಟೈಪ್ ಬಿ ಆದರೆ ಸುಮಾರು 68.5. ಈ ಏಳರಿಂದ ಒಂಬತ್ತೂವರೆ ಮಿಲಿಮೀಟರ್ ಸಣ್ಣದಲ್ಲ. ಗಾಳಿ ಹರಿಯುವಾಗ ಆಗುವ ಒತ್ತಡದ ನಷ್ಟ ವ್ಯಾಸದ ಐದನೇ ಘಾತಕ್ಕೆ ವಿಲೋಮ. 71ನ್ನು 78ರಿಂದ ಭಾಗಿಸಿ ಐದು ಸಲ ಗುಣಿಸಿದರೆ ಸುಮಾರು 0.63 ಬರುತ್ತದೆ. ಅಂದರೆ 61 ಮೀಟರಿನ ಅನುಮತಿ 38 ಮೀಟರಿಗೆ ಇಳಿಯಿತು. ಟೈಪ್ ಬಿ ಆದರೆ 32. ನಮ್ಮ 30 ಮೀಟರಿಗೆ ಎರಡೂ ಸಾಕು, ಆದರೆ ಟೈಪ್ ಬಿ ಕೂದಲೆಳೆಯ ಅಂತರದಲ್ಲಿ. ಕಟ್ಟಡ ಇನ್ನೂ ಮೂರು ಅಂತಸ್ತು ಎತ್ತರ ಇದ್ದರೆ ನಾವು 90 ಎಂಎಂ ಪೈಪೇ ಹಾಕಬೇಕಾಗುತ್ತಿತ್ತು.

ಇದೇ ಐದನೇ ಘಾತ 50 ಎಂಎಂ ವೆಂಟಿನ ಗತಿಯನ್ನೂ ಹೇಳುತ್ತದೆ. ಆಗ ಲೆಕ್ಕ ಹಾಕಿದ 18 ಲೀಟರ್ ಗಾಳಿ ಪೂರ್ತಿ ವೆಂಟಿನ ಮೂಲಕವೇ ಹೋಗಬೇಕಾಯಿತು ಎಂಬ ಕೆಟ್ಟ ಸ್ಥಿತಿ ಎಣಿಸಿ. 71 ಮಿ.ಮೀ. ಒಳವ್ಯಾಸದ 30 ಮೀಟರ್ ಪೈಪಿನಲ್ಲಿ ಗಾಳಿಯ ವೇಗ ಸೆಕೆಂಡಿಗೆ ನಾಲ್ಕೂವರೆ ಮೀಟರ್, ಒತ್ತಡದ ನಷ್ಟ ಸುಮಾರು 130 ಪ್ಯಾಸ್ಕಲ್. 250ರ ಗೆರೆಯೊಳಗೆ ಇದೆ. ಒಳವ್ಯಾಸ 50 ಮಿ.ಮೀ. ಆದರೆ ಅದೇ ಗಾಳಿಗೆ 700 ಪ್ಯಾಸ್ಕಲ್ ದಾಟುತ್ತದೆ. ಅಂಥ ವೆಂಟ್ ಇದ್ದರೂ ಬುಡದ ಕಮೋಡಿನ ಸೀಲ್ ಮೊದಲು ಸೋಲುತ್ತದೆ, ಏಕೆಂದರೆ ಅದು 490ಕ್ಕೇ ಬಿಟ್ಟುಕೊಡುತ್ತದೆ.

ದಪ್ಪ ಸರಿ ಇದ್ದೂ ಕೆಡುವ ವೆಂಟುಗಳಿವೆ. ಬುಡದ ಸಂಪರ್ಕ ಎಲ್ಲಕ್ಕಿಂತ ಕೆಳಗಿನ ಅಡ್ಡ ಪೈಪಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೆಳಗೆ, 45 ಡಿಗ್ರಿ ವೈ ಮೂಲಕ ಇರಬೇಕು. ಮೊದಲನೇ ಮಹಡಿಯಿಂದ ಶುರು ಮಾಡಿದ ವೆಂಟ್ ಅತ್ಯಂತ ಬೇಕಾದ ಜಾಗವನ್ನೇ ಬಿಟ್ಟುಬಿಡುತ್ತದೆ. ಅಡ್ಡ ಹೋಗುವ ವೆಂಟ್ ಚರಂಡಿಯ ಕಡೆಗೆ ಇಳಿಜಾರಾಗಿರಬೇಕು, ಇಲ್ಲವಾದರೆ ಒಳಗೆ ಹನಿಗಟ್ಟಿದ ತೇವ ತಗ್ಗಿನಲ್ಲಿ ನಿಂತು ಗಾಳಿಯ ದಾರಿಯನ್ನೇ ಮುಚ್ಚುತ್ತದೆ. ಮಹಡಿಯ ಅಡ್ಡ ಪೈಪಿನಿಂದ ವೆಂಟಿಗೆ ಸೇರಿಸುವಾಗ, ಆ ಮಹಡಿಯ ಬೇಸಿನ್ ತುಂಬಿ ಚೆಲ್ಲುವ ಅಂಚಿಗಿಂತ ಕನಿಷ್ಠ 150 ಮಿ.ಮೀ. ಮೇಲೆ ಸೇರಿಸಬೇಕು. ಕೆಳಗೆ ಸೇರಿಸಿದರೆ ಪೈಪು ಕಟ್ಟಿಕೊಂಡ ದಿನ ಕೊಳಚೆ ವೆಂಟಿನೊಳಗೆ ಹರಿದು, ಯಾರಿಗೂ ಗೊತ್ತಾಗದ ಹಾಗೆ ಅದನ್ನು ತುಂಬಿಸಿಬಿಡುತ್ತದೆ.

ವಾಲ್ವ್ ಮಾಡುವ ಕೆಲಸ, ಮಾಡದ ಕೆಲಸ

ಏರ್ ಅಡ್ಮಿಟೆನ್ಸ್ ವಾಲ್ವಿನೊಳಗೆ ಇರುವುದು ಒಂದು ಹಗುರ ರಬ್ಬರ್ ಪೊರೆ. ಪೈಪಿನೊಳಗೆ ಒತ್ತಡ ಹೊರಗಿನದಕ್ಕಿಂತ ಸ್ವಲ್ಪ ಇಳಿದ ಕೂಡಲೆ ಹೊರಗಿನ ಗಾಳಿ ಪೊರೆಯನ್ನು ಎತ್ತಿ ಒಳಗೆ ಬರುತ್ತದೆ. ಒಳಗಿನ ಒತ್ತಡ ಸಮವಾದರೆ ಪೊರೆ ತನ್ನ ಭಾರಕ್ಕೆ ಕೂರುತ್ತದೆ, ಏರಿದರೆ ಇನ್ನೂ ಗಟ್ಟಿಯಾಗಿ ಒತ್ತಿಕೊಳ್ಳುತ್ತದೆ. ಚರಂಡಿ ಗಾಳಿ ಕೋಣೆಗೆ ಬರದಿರಲಿ ಎಂದೇ ಹಾಗೆ ಮಾಡಿರುವುದು. ಒಳಗೆ ಕೂಡಿಟ್ಟ ಒತ್ತಡವನ್ನು ಹೊರಗೆ ಬಿಡುವ ಶಕ್ತಿ ಅದಕ್ಕಿಲ್ಲ. ನೆಲಮಹಡಿಯ ಕಮೋಡು ಗುಳ್ಳೆ ಬಿಡುವಾಗ ಸ್ಟ್ಯಾಕಿನ ಮೇಲೆ ಎಷ್ಟು ವಾಲ್ವ್ ಹಾಕಿದರೂ ಅವೆಲ್ಲ ಬಾಯಿ ಮುಚ್ಚಿಕೊಂಡು ಕೂತಿರುತ್ತವೆ.

ವಾಲ್ವಿಗೂ ಅಳತೆ ಇದೆ. ಇಎನ್ 12056-2 ಪ್ರಕಾರ ಸ್ಟ್ಯಾಕಿನ ತುದಿಯಲ್ಲಿ ಕೂರುವ ವಾಲ್ವ್ ನೀರಿನ ಹರಿವಿನ 8 ಪಟ್ಟು ಗಾಳಿ ಬಿಡಬೇಕು. ನಮ್ಮ 3.5ಕ್ಕೆ 28 ಲೀಟರ್. 100 ಎಂಎಂ ಸ್ಟ್ಯಾಕಿನ 4.0 ಲೀಟರ್ ಮಿತಿಗೆ 32. ಪೈಪಿನ ಬಾಯಿಗೆ ಸರಿಯಾಗಿ ಕೂರುತ್ತದೆ ಎಂದ ಮಾತ್ರಕ್ಕೆ ವಾಲ್ವ್ ಸರಿಯಾದದ್ದಲ್ಲ. ಅಡಾಪ್ಟರ್ ಹಾಕಿ ಬೇಸಿನ್ನಿನ ಸಣ್ಣ ವಾಲ್ವನ್ನೂ 110 ಪೈಪಿಗೆ ಕೂರಿಸಬಹುದು, ಆದರೆ ಅದು ಬೇಕಾದ ಗಾಳಿಯ ಕಾಲುಭಾಗವನ್ನೂ ಬಿಡುವುದಿಲ್ಲ. ಡಬ್ಬಿಯ ಮೇಲೆ ಸೆಕೆಂಡಿಗೆ ಎಷ್ಟು ಲೀಟರ್ ಎಂದು ನೋಡಬೇಕು. ಅಮೆರಿಕದ ಮಾಲಾದರೆ ಸ್ಟ್ಯಾಕಿಗೆ ಎಎಸ್‌ಎಸ್‌ಇ 1050, ಅಡ್ಡ ಪೈಪಿಗೆ 1051 ಎಂಬ ಗುರುತು ಇರುತ್ತದೆ. ಯುರೋಪಿನದಾದರೆ ಇಎನ್ 12380.

ತಾರಸಿಯಲ್ಲಿ ವಾಸನೆ ಬರುತ್ತದೆ, ಬಟ್ಟೆ ಒಣಗಿಸಲು ಆಗುವುದಿಲ್ಲ ಎಂದು ನಿವಾಸಿಗಳು ದೂರು ಕೊಟ್ಟಾಗ, ಪೈಪಿನ ತೆರೆದ ಬಾಯಿಯ ಮೇಲಿನ ಜಾಲರಿ ಟೋಪಿಯಾದ ಕೌಲ್ ತೆಗೆದು ಅಲ್ಲಿಗೆ ವಾಲ್ವ್ ಹಾಕೋಣ ಎಂಬ ಸಲಹೆ ಬರುತ್ತದೆ. ನಮ್ಮ ಕಟ್ಟಡದಲ್ಲಿ ಅದು ಸಲ್ಲದು. ಒತ್ತಡ ಹೊರಹೋಗುವ ದಾರಿ ಮುಚ್ಚುತ್ತದೆ. ಹೊರಗಿನ ಚೇಂಬರುಗಳ ಮುಚ್ಚಳ ಬಿಗಿಯಾಗಿದ್ದು ಮುಂದೆ ಎಸ್‌ಟಿಪಿ ಅಥವಾ ಸೆಪ್ಟಿಕ್ ಟ್ಯಾಂಕ್ ಇದ್ದರೆ ಅಲ್ಲಿ ಹುಟ್ಟುವ ಅನಿಲಕ್ಕೂ ಅದೇ ದಾರಿ. ಐಪಿಸಿ ವಾಲ್ವುಗಳನ್ನು ಒಪ್ಪುತ್ತದಾದರೂ ಕಟ್ಟಡದಲ್ಲಿ ಒಂದಾದರೂ ವೆಂಟ್ ಬಯಲಿಗೆ ತೆರೆದಿರಲೇಬೇಕು ಎನ್ನುತ್ತದೆ. ಅಮೆರಿಕದ ಇನ್ನೊಂದು ಕೋಡ್, ಯೂನಿಫಾರ್ಮ್ ಪ್ಲಂಬಿಂಗ್ ಕೋಡ್, ಸ್ಥಳೀಯ ಅಧಿಕಾರಿ ಒಪ್ಪದೆ ವಾಲ್ವನ್ನೇ ಬಿಡುವುದಿಲ್ಲ. ತಾರಸಿಯ ದೂರಿಗೆ ಸರಿಯಾದ ಉತ್ತರ ಪೈಪನ್ನು ಎತ್ತರಿಸುವುದು. ಜನ ಓಡಾಡುವ ತಾರಸಿಯಾದರೆ ಐಪಿಸಿ 7 ಅಡಿ ಎತ್ತರ ಕೇಳುತ್ತದೆ.

ಬುಡದ ಒತ್ತಡಕ್ಕೆ ಮದ್ದು ಬೇರೆಯೇ. ಒಂದೇ 90 ಡಿಗ್ರಿ ಬೆಂಡಿನ ಬದಲು ಎರಡು 45 ಡಿಗ್ರಿ ಬೆಂಡ್ ಹಾಕಿದರೆ ನೀರು ನಯವಾಗಿ ತಿರುಗುತ್ತದೆ. ನೆಲಮಹಡಿಯನ್ನು ಸ್ಟ್ಯಾಕಿಗೆ ಸೇರಿಸದೆ ಬೇರೆ ಪೈಪಿನಲ್ಲಿ ನೇರ ಚೇಂಬರಿಗೆ ಒಯ್ಯುವುದು ಇನ್ನೂ ಒಳ್ಳೆಯದು. ಇಂಗ್ಲೆಂಡಿನ ಕಟ್ಟಡ ನಿಯಮಗಳ ಮಾರ್ಗದರ್ಶಿಯಾದ ಅಪ್ರೂವ್ಡ್ ಡಾಕ್ಯುಮೆಂಟ್ ಎಚ್ ಐದು ಅಂತಸ್ತು ಮೀರಿದ ಕಟ್ಟಡಕ್ಕೆ ನೆಲಮಹಡಿಯನ್ನೂ, ಇಪ್ಪತ್ತು ಮೀರಿದರೆ ಮೊದಲನೇ ಮಹಡಿಯನ್ನೂ ಹೀಗೆ ಬೇರೆ ಮಾಡಲು ಹೇಳುತ್ತದೆ. ನಮ್ಮ ಎಂಟು ಅಂತಸ್ತಿಗೆ ಇದು ಅನ್ವಯಿಸುತ್ತದೆ. ಬಹಳ ಎತ್ತರದ ಕಟ್ಟಡಗಳಿಗೆಂದು ಸ್ಕಾಟ್ಲೆಂಡಿನ ಹೆರಿಯಟ್-ವಾಟ್ ವಿಶ್ವವಿದ್ಯಾಲಯದ ಜಾನ್ ಸ್ವಾಫೀಲ್ಡ್ ಅವರ ತಂಡ ಒಂದು ಸಾಧನ ರೂಪಿಸಿತು: ಒಳಗೊಂದು ಹಿಗ್ಗುವ ಚೀಲ, ಒತ್ತಡದ ಅಲೆ ಬಂದಾಗ ಅದು ಉಬ್ಬಿ ಅಲೆಯನ್ನು ನುಂಗಿಕೊಳ್ಳುತ್ತದೆ. ವಾಲ್ವ್ ಮಾಡದ ಅರ್ಧ ಕೆಲಸವನ್ನು ಮಾಡುವುದು ಅದು.

ವಾಲ್ವ್ ನಿಜಕ್ಕೂ ಸಲ್ಲುವ ಜಾಗ

ಅದೇ ಕಟ್ಟಡದ ಎರಡನೇ ಮಹಡಿಯವರು ಅಡುಗೆಮನೆ ಬದಲಿಸುತ್ತಾರೆ. ಸಿಂಕ್ ಈಗ ಕಿಟಕಿಯ ಬದಿಗೆ ಹೋಯಿತು, ಪಕ್ಕದಲ್ಲಿ ವಾಷಿಂಗ್ ಮೆಷಿನ್. ಅಲ್ಲಿಂದ ಡಕ್ಟಿನ ಸ್ಟ್ಯಾಕಿಗೆ 50 ಎಂಎಂ ಪೈಪಿನಲ್ಲಿ 5 ಮೀಟರ್. ಸ್ಟ್ಯಾಕಿಗೆ ಇದರಿಂದ ಏನೂ ಭಾರವಾಗುವುದಿಲ್ಲ: 49.6ಕ್ಕೆ 1.6 ಸೇರಿದರೆ ಹರಿವು 3.5ರಿಂದ 3.6 ಲೀಟರ್ ಆದೀತು. ತೊಂದರೆ ಇರುವುದು ಆ 5 ಮೀಟರಿನಲ್ಲಿ. ತುಂಬಿದ ಸಿಂಕಿನ ಬಿರಡೆ ತೆಗೆದಾಗ ಸಣ್ಣ ಪೈಪು ಪೂರ್ತಿ ತುಂಬಿ ಹರಿಯುತ್ತದೆ, ಆ ನೀರು ಪಿಸ್ಟನ್ನಿನ ಹಾಗೆ ಹಿಂದಿನ ಗಾಳಿಯನ್ನು ಎಳೆಯುತ್ತಾ ಹೋಗಿ, ಕೊನೆಗೆ ತನ್ನದೇ ಟ್ರ್ಯಾಪಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅಪ್ರೂವ್ಡ್ ಡಾಕ್ಯುಮೆಂಟ್ ಎಚ್ ವೆಂಟ್ ಇಲ್ಲದ ಸಿಂಕಿನ ಪೈಪಿಗೆ 40 ಎಂಎಂ ಆದರೆ 3 ಮೀಟರ್, 50 ಎಂಎಂ ಆದರೆ 4 ಮೀಟರ್ ಮಿತಿ ಇಟ್ಟಿದೆ. ನಾವು ಅದನ್ನು ಮೀರಿದ್ದೇವೆ. ಅಲ್ಲಿಂದ ತಾರಸಿಗೆ ಹೊಸ ವೆಂಟ್ ಒಯ್ಯಲು ಮೇಲಿನ ಐದು ಮನೆಗಳ ಗೋಡೆ ಕೊರೆಯಬೇಕು. ವಾಲ್ವ್ ಹುಟ್ಟಿದ್ದು ಇಂಥ ಜಾಗಕ್ಕೆ.

ಸಿಂಕ್ ಮತ್ತು ಮೆಷಿನ್ ಎರಡಕ್ಕೂ ತಲಾ 0.8 ಅಂಕ. ಸೂತ್ರ ಹಾಕಿದರೆ 0.63 ಲೀಟರ್ ಬರುತ್ತದೆ, ಆದರೆ ಲೆಕ್ಕ ಒಂದೇ ಸಲಕರಣೆಯ ಹರಿವಿಗಿಂತ ಕಡಿಮೆ ಇರಬಾರದು, ಹಾಗಾಗಿ 0.8. ಅಡ್ಡ ಪೈಪಿನ ವಾಲ್ವಿಗೆ, ಪೈಪಿನ ವ್ಯವಸ್ಥೆ ಯಾವುದು ಎಂಬುದರ ಮೇಲೆ ಇದರ ಒಂದು ಅಥವಾ ಎರಡು ಪಟ್ಟು ಗಾಳಿ ಸಾಕು, ಅಂದರೆ ಹೆಚ್ಚೆಂದರೆ 1.6 ಲೀಟರ್. 50 ಎಂಎಂ ಪೈಪಿಗೆ ಬರುವ ಸಾಮಾನ್ಯ ವಾಲ್ವ್ ಇದನ್ನು ಸುಲಭವಾಗಿ ಕೊಡುತ್ತದೆ.

ಸಿಂಕಿನ ಟ್ರ್ಯಾಪ್ ದಾಟಿದ ಕೂಡಲೆ ಒಂದು ಟೀ, ಅದರಿಂದ ನೆಟ್ಟಗೆ ಮೇಲಕ್ಕೆ ತುಂಡು ಪೈಪು, ತುದಿಯಲ್ಲಿ ವಾಲ್ವ್. ಅಡ್ಡ ಪೈಪಿನಿಂದ ವಾಲ್ವಿಗೆ ಕನಿಷ್ಠ 100 ಮಿ.ಮೀ. ಎತ್ತರ ಬೇಕು ಎಂಬುದು ನಿಯಮ, ನಮ್ಮ ಸಲಹೆ ಸಿಂಕಿನ ಕೆಳಗೆ ಸಾಧ್ಯವಾದಷ್ಟೂ ಎತ್ತರಕ್ಕೆ ಒಯ್ಯುವುದು. ಪೈಪು ಕಟ್ಟಿ ನೀರು ಹಿಂದೆ ಬಂದರೆ ಮೊದಲು ಕೆಡುವುದು ತಗ್ಗಿನಲ್ಲಿರುವ ಪೊರೆ, ಅಡುಗೆಮನೆಯ ಜಿಡ್ಡು ಅದರ ಮೇಲೆ ಕೂತರೆ ಅದು ಮತ್ತೆ ಸರಿಯಾಗಿ ಮುಚ್ಚುವುದಿಲ್ಲ. ವಾಲ್ವ್ ಲಂಬವಾಗಿ ನಿಲ್ಲಬೇಕು, ಏಕೆಂದರೆ ಪೊರೆಯನ್ನು ಮುಚ್ಚುವುದು ಅದರ ಭಾರ. ಸುತ್ತಲಿನ ಪೆಟ್ಟಿಗೆಗೆ ಗಾಳಿ ಬರುವ ಜಾಲರಿ ಬೇಕು. ಕೈ ಹಾಕಿ ಬಿಚ್ಚಲು ಬರುವಂತಿರಬೇಕು. ಬಚ್ಚಲಿನ ಸಂಕನ್ ಸ್ಲ್ಯಾಬಿನ ಒಳಗೆ ವಾಲ್ವ್ ಹೂತು ಮೇಲೆ ಟೈಲ್ಸ್ ಹಾಕುವುದು ಶುದ್ಧ ತಪ್ಪು: ಅಲ್ಲಿ ಗಾಳಿಯೂ ಇಲ್ಲ, ಕೆಟ್ಟರೆ ಗೊತ್ತಾಗುವುದೂ ಇಲ್ಲ.

ಇನ್ನೊಂದು ಷರತ್ತು ಈ ಮನೆಗೆ ಅನ್ವಯಿಸುತ್ತದೆ. ಸ್ಟ್ಯಾಕಿನ ತುದಿಯಿಂದ ನಾಲ್ಕು ಅಂತಸ್ತಿಗಿಂತ ಕೆಳಗೆ ಇರುವ ಅಡ್ಡ ಪೈಪಿಗೆ ವಾಲ್ವ್ ಹಾಕಿದರೆ, ಅದರ ಜೊತೆಗೆ ಒತ್ತಡ ಬಿಡುವ ವೆಂಟೂ ಬೇಕು ಎನ್ನುತ್ತದೆ ಐಪಿಸಿ. ಎರಡನೇ ಮಹಡಿ ಬುಡಕ್ಕೆ ಹತ್ತಿರ, ಮೇಲಿನಿಂದ ಬೀಳುವ ನೀರು ಅಲ್ಲಿ ಗಾಳಿಯನ್ನು ಅಡ್ಡ ಪೈಪಿನೊಳಗೆ ತಳ್ಳಬಹುದು, ವಾಲ್ವ್ ಅದನ್ನು ಹೊರಗೆ ಬಿಡುವುದಿಲ್ಲ. ಅದಕ್ಕಾಗಿ ಸ್ಟ್ಯಾಕಿಗೆ ಸೇರುವ ಮುಂಚೆ, ಡಕ್ಟಿನ ಹತ್ತಿರವೇ ಒಂದು ವೈ ಹಾಕಿ ಪಕ್ಕದ ವೆಂಟ್ ಸ್ಟ್ಯಾಕಿಗೆ ಜೋಡಿಸಬೇಕು. ಹಾಗಾದರೆ ವಾಲ್ವ್ ಏಕೆ ಎಂಬ ಪ್ರಶ್ನೆ ಬರುತ್ತದೆ. ಈ ವೆಂಟ್ ಇರುವುದು ಅಡ್ಡ ಪೈಪು ಸ್ಟ್ಯಾಕಿಗೆ ಸೇರುವ ತುದಿಯಲ್ಲಿ, ಅದು ಸ್ಟ್ಯಾಕಿನ ಒತ್ತಡದಿಂದ ಸಿಂಕನ್ನು ಕಾಯುತ್ತದೆ. ಸಿಂಕ್ ತನ್ನ ಟ್ರ್ಯಾಪನ್ನು ತಾನೇ ಎಳೆದುಕೊಳ್ಳುವುದನ್ನು ತಡೆಯಬೇಕಾದದ್ದು 5 ಮೀಟರ್ ಆಚೆ, ಟ್ರ್ಯಾಪಿನ ಪಕ್ಕದಲ್ಲಿ. ಎರಡಕ್ಕೂ ಅವರವರ ಕೆಲಸ.

ಕೆಟ್ಟಿದ್ದು ಎಲ್ಲಿ ಎಂದು ಕಂಡುಹಿಡಿಯುವುದು

ಟ್ರ್ಯಾಪಿಗೆ ನೀರು ತುಂಬಿ ಸೀಲಿನ ಆಳ ಅಳೆಯಿರಿ. ನಹಾನಿ ಟ್ರ್ಯಾಪಿಗೆ ಜಾಲರಿ ತೆಗೆದು ಒಂದು ಕಡ್ಡಿ ಇಳಿಸಿದರೆ ಸಾಕು. ಆಮೇಲೆ ಮೇಲಿನ ಎರಡು ಮಹಡಿಗಳಲ್ಲಿ ಒಟ್ಟಿಗೆ ಫ್ಲಶ್ ಮಾಡಿಸಿ ಮತ್ತೆ ಅಳೆಯಿರಿ. ಪ್ರತಿ ಸಲ ಟ್ರ್ಯಾಪ್ ತುಂಬಿಸಿ ಮೂರು ಸಲ ಮಾಡಿ. 25 ಮಿ.ಮೀ.ಗಿಂತ ಕಡಿಮೆ ಉಳಿದರೆ ಗಾಳಿಯ ದಾರಿ ಸಾಲದು. ಈಗ ಮೇಲಿನವರನ್ನು ಸುಮ್ಮನಿರಲು ಹೇಳಿ, ಆ ಮನೆಯ ಸಿಂಕ್ ಮಾತ್ರ ತುಂಬಿಸಿ ಬಿಡಿ. ಆಗಲೂ ಸೀಲ್ ಹೋದರೆ ತಪ್ಪು ಅಡ್ಡ ಪೈಪಿನದು, ಸ್ಟ್ಯಾಕಿನದಲ್ಲ, ಅಲ್ಲಿಗೆ ವಾಲ್ವ್ ಮದ್ದು. ಮೇಲಿನವರು ಫ್ಲಶ್ ಮಾಡಿದಾಗ ಮಾತ್ರ ಹೋದರೆ ವೆಂಟ್ ಸ್ಟ್ಯಾಕಿನ ಬಾಯಿ ನೋಡಿ. ಕೌಲಿನ ಜಾಲರಿಗೆ ಹಕ್ಕಿ ಗೂಡು, ಜೇಡರ ಬಲೆ, ತಾರಸಿ ಕೆಲಸದ ಸಿಮೆಂಟು ಸೇರಿರುವುದು ಸಾಮಾನ್ಯ. ಬುಡದ ಟ್ರ್ಯಾಪಿನಲ್ಲಿ ನೀರು ಇಳಿಯುವ ಬದಲು ಮೇಲೆ ಉಬ್ಬಿದರೆ ಬುಡದ ಬೆಂಡ್, ವೆಂಟಿನ ಬುಡದ ಸಂಪರ್ಕ ಮತ್ತು ಮುಂದಿನ ಚೇಂಬರಿನಲ್ಲಿ ನೀರು ನಿಂತಿದೆಯೇ ಎಂಬುದು, ಈ ಮೂರನ್ನೂ ಅದೇ ಕ್ರಮದಲ್ಲಿ ಪರೀಕ್ಷಿಸಿ.

ಇದಾವುದೂ ಇಲ್ಲದೆ, ಯಾರೂ ಬಳಸದ ಅತಿಥಿ ಕೋಣೆಯ ಬಚ್ಚಲಲ್ಲಿ ಮಾತ್ರ ವಾಸನೆ ಬಂದರೆ ಅಲ್ಲಿ ಸೀಲ್ ಆವಿಯಾಗಿ ಹೋಗಿದೆ. ಒಂದು ಚೊಂಬು ನೀರು ಹಾಕಿದರೆ ವಾಸನೆ ನಿಲ್ಲುತ್ತದೆ, ಯಾವ ವೆಂಟೂ ವಾಲ್ವೂ ಅದಕ್ಕೆ ಸಹಾಯ ಮಾಡುವುದಿಲ್ಲ.

ವಾಲ್ವೇ ಕೆಟ್ಟಿದೆಯೇ ಎಂದು ನೋಡಲು ಅದನ್ನು ಬಿಚ್ಚಿ ತೆರೆದ ಪೈಪಿನಲ್ಲೇ ಒಮ್ಮೆ ಸಿಂಕ್ ಖಾಲಿ ಮಾಡಿ. ಗುಳುಗುಳು ನಿಂತರೆ ಪೊರೆ ಅಂಟಿಕೊಂಡಿತ್ತು. ವಾಲ್ವ್ ಇರುವ ಪೆಟ್ಟಿಗೆಯಲ್ಲೇ ವಾಸನೆ ಇದ್ದರೆ ಅದು ಸರಿಯಾಗಿ ಮುಚ್ಚುತ್ತಿಲ್ಲ, ಹೆಚ್ಚಾಗಿ ಪೊರೆಯ ಅಂಚಿನಲ್ಲಿ ಧೂಳು ಅಥವಾ ಜೋಡಿಸುವಾಗ ಒಳಗೆ ಸೋರಿದ ಸಾಲ್ವೆಂಟ್ ಸಿಮೆಂಟ್ ಇರುತ್ತದೆ. ಹೊಸ ಕಟ್ಟಡದಲ್ಲಿ ನೀರು ತುಂಬಿ ಪೈಪಿನ ಸೋರಿಕೆ ಪರೀಕ್ಷೆ ಮುಗಿದ ಮೇಲೆಯೇ ವಾಲ್ವ್ ಕೂರಿಸಬೇಕು. ಮೊದಲೇ ಕೂರಿಸಿದರೆ ಪರೀಕ್ಷೆಯ ನೀರಿನ ಜೊತೆ ಬಂದ ಮರಳು ಪೊರೆಯ ಕೆಳಗೆ ಕೂತಿರುತ್ತದೆ, ಮನೆಯವರು ಬರುವ ಮುಂಚೆಯೇ ವಾಲ್ವ್ ಕೆಟ್ಟಿರುತ್ತದೆ.